ನಿಂತ ಕಾರಿಗೂ 300 ಕಿಲೋಮೀಟರ್ ಬಾಡಿಗೆ

ಬೆಂಗಳೂರಿನಿಂದ ಹೊರಊರಿಗೆ ಟ್ಯಾಕ್ಸಿ ಬೇಕೆಂದು ಯಾವ ಟ್ರಾವೆಲ್ಸ್‌ಗೆ ಫೋನ್ ಮಾಡಿದರೂ ಹೆಚ್ಚುಕಡಿಮೆ ಒಂದೇ ಬಗೆಯ ಉತ್ತರ ಸಿಗುತ್ತದೆ. ‘ಸೆಡಾನ್ ಆದ್ರೆ ಕಿಲೋಮೀಟರಿಗೆ ಹದಿಮೂರು ರೂಪಾಯಿ ಸಾರ್. ಬಾಟಾ, ಟೋಲ್ ಎಕ್ಸ್‌ಟ್ರಾ.’ ಕೇಳಿದವರು ತಕ್ಷಣ ಗೂಗಲ್ ಮ್ಯಾಪ್‌ನಲ್ಲಿ ದೂರ ನೋಡಿ ಹದಿಮೂರರಿಂದ ಗುಣಿಸುತ್ತಾರೆ. ಇನ್ನೊಂದು ಕಡೆ ವಿಚಾರಿಸಿದರೆ ‘ಮೂರು ದಿನದ ಪ್ಯಾಕೇಜ್, ಹನ್ನೊಂದೂವರೆ ಸಾವಿರ, ಬಾಟಾ ಸೇರಿ’ ಎನ್ನುತ್ತಾರೆ. ತಾವು ಗುಣಿಸಿದ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದಾಗ ಪ್ಯಾಕೇಜ್ ತೀರಾ ದುಬಾರಿಯಾಗಿ ಕಾಣುತ್ತದೆ. ಆ ಹೋಲಿಕೆಯೇ ತಪ್ಪು. ಕಿಲೋಮೀಟರ್ ದರದ ಹಿಂದೆ ದಿನಕ್ಕೆ ಇಷ್ಟು ಎಂಬ ಕನಿಷ್ಠ ದೂರವೊಂದಿರುತ್ತದೆ. ಬಿಲ್ ನಿರ್ಧಾರವಾಗುವುದು ಹೆಚ್ಚಾಗಿ ಅದರಿಂದಲೇ.

ಒಂದು ಪ್ರವಾಸವನ್ನೇ ತೆಗೆದುಕೊಳ್ಳೋಣ. ನಾಲ್ವರ ಕುಟುಂಬವೊಂದು ಶುಕ್ರವಾರ ಬೆಳಿಗ್ಗೆ ಬೆಂಗಳೂರು ಬಿಟ್ಟು, ಹಾಸನದ ಮೇಲೆ ಬೇಲೂರಿಗೆ ಹೋಗಿ ದೇವಸ್ಥಾನ ನೋಡಿ, ಸಂಜೆಗೆ ಚಿಕ್ಕಮಗಳೂರು ತಲುಪುತ್ತದೆ. ಶನಿವಾರ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ. ಭಾನುವಾರ ವಾಪಸು. ಹೋಗುವಾಗ 250, ಬರುವಾಗ 250, ನಡುವಿನ ದಿನ ಬೆಟ್ಟ ಸುತ್ತಿದ್ದು 80, ಕಾರು ತನ್ನ ಶೆಡ್ಡಿನಿಂದ ಮನೆಗೆ ಬಂದು ಮತ್ತೆ ಶೆಡ್ ಸೇರಿದ್ದು 20. ಒಟ್ಟು 600 ಕಿಲೋಮೀಟರ್ ಎಂದಿಟ್ಟುಕೊಳ್ಳಿ.

ಹದಿಮೂರರಂತೆ 600ಕ್ಕೆ 7,800 ರೂಪಾಯಿ ಆಗಬೇಕು. ಆದರೆ ದಿನಕ್ಕೆ ಕನಿಷ್ಠ 300 ಕಿಲೋಮೀಟರ್ ಎಂಬ ಷರತ್ತಿದ್ದರೆ ಮೂರು ದಿನಕ್ಕೆ 900 ಕಿಲೋಮೀಟರಿನ ದುಡ್ಡು ಕೊಡಬೇಕು. ಅಲ್ಲಿಗೆ 11,700 ರೂಪಾಯಿ. ಅದರ ಮೇಲೆ ದಿನಕ್ಕೆ 400ರಂತೆ ಚಾಲಕನ ಬಾಟಾ 1,200. ಒಟ್ಟು 12,900. ಓಡದ 300 ಕಿಲೋಮೀಟರಿಗೂ ಹಣ ಹೋಗಿದೆ. ಬಾಟಾ ಬಿಟ್ಟು ಲೆಕ್ಕ ಹಾಕಿದರೂ ನಿಜವಾಗಿ ಓಡಿದ ಪ್ರತಿ ಕಿಲೋಮೀಟರಿಗೆ ಬಿದ್ದದ್ದು ಹತ್ತೊಂಬತ್ತೂವರೆ ರೂಪಾಯಿ.

ಇದನ್ನು ಮೋಸವೆಂದು ಬೈಯುವುದು ನ್ಯಾಯವಲ್ಲ. ಶನಿವಾರವೆಲ್ಲ ಕಾರು ಚಿಕ್ಕಮಗಳೂರಿನಲ್ಲಿ ನಿಂತಿದ್ದರೂ ಅದರ ಸಾಲದ ಕಂತು, ವಿಮೆ, ತೆರಿಗೆ ನಿಲ್ಲುವುದಿಲ್ಲ. ಆ ದಿನ ಬೇರೆ ಬಾಡಿಗೆಗೂ ಹೋಗುವಂತಿಲ್ಲ. ಕಾಯಿಸಿದ್ದಕ್ಕೆ ಮಾಲೀಕರು ಪಡೆಯುವ ಹಣ ಈ ಕನಿಷ್ಠ ಕಿಲೋಮೀಟರಿನೊಳಗೇ ಅಡಗಿರುತ್ತದೆ. ಹಾಗಾಗಿಯೇ ಈ ಪದ್ಧತಿಯಲ್ಲಿ ಬೇಲೂರಿನ ದೇವಸ್ಥಾನದ ಮುಂದೆ ಮೂರು ಗಂಟೆ ಕಾಯಿಸಿದರೂ ಸಾಮಾನ್ಯವಾಗಿ ವೇಟಿಂಗ್ ಚಾರ್ಜ್ ಎಂದು ಬೇರೆ ಕೇಳುವುದಿಲ್ಲ. ಕೇಳಿದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೇಳಿದಂತೆ. ಆಗ ಪ್ರಶ್ನಿಸಲೇಬೇಕು.

ಈಗ ಪ್ಯಾಕೇಜಿನ ಕಡೆ ಬನ್ನಿ. ಮೂರು ದಿನ, 650 ಕಿಲೋಮೀಟರ್, ಬಾಟಾ ಸೇರಿ 11,500 ರೂಪಾಯಿ, ಮೀರಿದ ಪ್ರತಿ ಕಿಲೋಮೀಟರಿಗೆ 14. ಟೋಲ್, ಪಾರ್ಕಿಂಗ್, ಜಿಎಸ್‌ಟಿ ಎರಡೂ ಕಡೆ ಪ್ರತ್ಯೇಕ ಎಂದಾದರೆ ಅವನ್ನು ಹೋಲಿಕೆಯಿಂದ ಬಿಟ್ಟುಬಿಡಬಹುದು. ನಮ್ಮ ಕುಟುಂಬ 600 ಕಿಲೋಮೀಟರ್ ಮಾತ್ರ ಓಡಿದ್ದರಿಂದ ಪ್ಯಾಕೇಜಿನಲ್ಲಿ 1,400 ರೂಪಾಯಿ ಉಳಿಯುತ್ತದೆ.

ಆದರೆ ಶನಿವಾರ ಬೆಳಿಗ್ಗೆ ಅಜ್ಜಿ, ‘ಇಷ್ಟು ದೂರ ಬಂದು ಹೊರನಾಡು, ಶೃಂಗೇರಿ ನೋಡದೆ ಹೋಗೋದಾ?’ ಎಂದರೆ ಲೆಕ್ಕ ತಿರುಗುತ್ತದೆ. ಬೆಟ್ಟದ ಬದಲು ಈ ಎರಡು ಕ್ಷೇತ್ರಗಳನ್ನು ಸುತ್ತಿ ಬಂದರೆ ಆ ದಿನದ ಓಟ 80ರಿಂದ ಸುಮಾರು 265ಕ್ಕೆ ಏರಿ, ಒಟ್ಟು ದೂರ 785 ಆಗುತ್ತದೆ. ಪ್ಯಾಕೇಜಿಗಿಂತ 135 ಕಿಲೋಮೀಟರ್ ಹೆಚ್ಚು, ಅಂದರೆ ಇನ್ನೂ 1,890 ರೂಪಾಯಿ, ಒಟ್ಟು 13,390. ಕಿಲೋಮೀಟರ್ ದರದವರ ಬಿಲ್ ಮಾತ್ರ 12,900ರಲ್ಲೇ ಇದೆ. 785 ಇನ್ನೂ ಅವರ 900ರೊಳಗೇ ಇರುವುದರಿಂದ ಒಂದು ರೂಪಾಯಿಯೂ ಏರಿಲ್ಲ. ಈ ಎರಡು ದರಗಳ ನಡುವೆ ಗಡಿ ಇರುವುದು 750 ಕಿಲೋಮೀಟರಿನಲ್ಲಿ: ಅದಕ್ಕಿಂತ ಕಡಿಮೆ ಓಡಿದರೆ ಪ್ಯಾಕೇಜ್ ಲಾಭ, ಹೆಚ್ಚಾದರೆ ಕಿಲೋಮೀಟರ್ ದರವೇ ಲಾಭ. ಈ ಗಡಿಯನ್ನು ಯಾರು ಬೇಕಾದರೂ ಕಂಡುಹಿಡಿಯಬಹುದು. ಎರಡು ಮೊತ್ತಗಳ ವ್ಯತ್ಯಾಸವನ್ನು ಪ್ಯಾಕೇಜಿನ ಹೆಚ್ಚುವರಿ ಕಿಲೋಮೀಟರ್ ದರದಿಂದ ಭಾಗಿಸಿ, ಬಂದದ್ದನ್ನು ಪ್ಯಾಕೇಜಿನ ಕಿಲೋಮೀಟರಿಗೆ ಕೂಡಿದರೆ ಸಾಕು.

ದೂರಕ್ಕಿಂತಲೂ ಹೆಚ್ಚು ಜನ ಎಡವುವುದು ದಿನದ ಲೆಕ್ಕದಲ್ಲಿ. ಹಲವು ಟ್ರಾವೆಲ್ಸ್‌ಗಳಲ್ಲಿ ದಿನವೆಂದರೆ ಹೊರಟ ಹೊತ್ತಿನಿಂದ 24 ಗಂಟೆಯಲ್ಲ, ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ. ಇದೇ ಕುಟುಂಬ ಟ್ರಾಫಿಕ್ ತಪ್ಪಿಸಲು ಗುರುವಾರ ರಾತ್ರಿ ಹತ್ತಕ್ಕೇ ಹೊರಟರೆ ಆ ಎರಡು ಗಂಟೆ ಇಡೀ ಒಂದು ದಿನವಾಗುತ್ತದೆ. 300 ಕಿಲೋಮೀಟರಿನ 3,900, ಬಾಟಾ 400, ಒಟ್ಟು 4,300 ರೂಪಾಯಿ ಹೆಚ್ಚು. ರಾತ್ರಿ ಪ್ರಯಾಣಕ್ಕೆಂದು ಪ್ರತ್ಯೇಕ ಬಾಟಾ ಇದ್ದರೆ ಅದೂ ಸೇರುತ್ತದೆ. ಬದಲಿಗೆ ಶುಕ್ರವಾರ ನಸುಕಿನಲ್ಲಿ ಹೊರಟರೆ ಅಷ್ಟೂ ಉಳಿಯುತ್ತದೆ. ವಾಪಸು ಬರುವಾಗಲೂ ಹೀಗೆಯೇ. ಭಾನುವಾರ ರಾತ್ರಿ ನೆಲಮಂಗಲದ ದಟ್ಟಣೆಯಲ್ಲಿ ಸಿಕ್ಕಿಕೊಂಡು ಹನ್ನೆರಡೂವರೆಗೆ ಮನೆ ಸೇರಿದರೆ ಸೋಮವಾರದ ಬಾಡಿಗೆಯೂ ಬೀಳಬಹುದು. ಒಂದೆರಡು ಗಂಟೆ ತಡವಾದರೆ ಏನು ಲೆಕ್ಕ ಎಂಬುದನ್ನು ಬುಕ್ ಮಾಡುವಾಗಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಟೋಲ್ ವಿಷಯ ಇಷ್ಟು ಜಟಿಲವಲ್ಲ, ರಸೀದಿ ನೋಡುವ ಅಭ್ಯಾಸವಿದ್ದರೆ ಸಾಕು. ಫಾಸ್ಟ್ಯಾಗ್‌ನಿಂದ ಹಣ ಕಡಿತವಾದಾಗ ಕಾರಿನ ಮಾಲೀಕರ ಮೊಬೈಲಿಗೆ ಮೆಸೇಜ್ ಬರುತ್ತದೆ. ಅದರ ಪ್ರಕಾರವೇ ಟೋಲ್ ಕೊಡುತ್ತೇವೆ ಎಂದು ಮೊದಲೇ ಹೇಳಿಬಿಡಬೇಕು. ಬೆಳಿಗ್ಗೆ ಮೈಸೂರಿಗೆ ಹೋಗಿ ರಾತ್ರಿ ಮರಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ 24 ಗಂಟೆಯೊಳಗೆ ಅದೇ ಟೋಲ್ ದಾಟಿ ಹಿಂತಿರುಗಿದರೆ ಹೋಗಿಬರುವ ಎರಡಕ್ಕೂ ಸೇರಿ ಒಂದೂವರೆ ಪಟ್ಟು ಶುಲ್ಕ ಮಾತ್ರ. ಎರಡು ಪೂರ್ತಿ ಟೋಲ್ ಬಿಲ್ಲಿನಲ್ಲಿದ್ದರೆ ಕೇಳಬೇಕು. ಇನ್ನು 2025ರ ಆಗಸ್ಟ್‌ನಲ್ಲಿ 3,000 ರೂಪಾಯಿಗೆ ಶುರುವಾದ ವಾರ್ಷಿಕ ಪಾಸ್ ಖಾಸಗಿ ವಾಹನಗಳಿಗೆ ಮಾತ್ರ. ಹಳದಿ ಬೋರ್ಡಿನ ಟ್ಯಾಕ್ಸಿಗೆ ಅದು ಸಿಗುವುದಿಲ್ಲ.

ವೇಟಿಂಗ್ ಚಾರ್ಜ್ ನಿಜಕ್ಕೂ ಕಾಡುವುದು ಗಂಟೆ ಕಟ್ಟಿದ ಪ್ಯಾಕೇಜಿನಲ್ಲಿ ಮತ್ತು ಒಂದೇ ಕಡೆಯ ಡ್ರಾಪ್‌ನಲ್ಲಿ. ‘ಹನ್ನೆರಡು ಗಂಟೆ, 250 ಕಿಲೋಮೀಟರ್’ ಎಂದಿದ್ದರೆ ಎರಡರಲ್ಲಿ ಯಾವುದು ಮೀರಿದರೂ ಹೆಚ್ಚುವರಿ ಬೀಳುತ್ತದೆ. ಮದುವೆಗೆ ಹೋಗುವವರಿಗೆ ಮೀರುವುದು ಗಂಟೆಯೇ. ಇನ್ನು ಡ್ರಾಪ್ ದರ ಕಡಿಮೆ ಕಾಣುವುದು ಕಾರು ತಕ್ಷಣ ಖಾಲಿಯಾಗಿ ಮುಂದಿನ ಬಾಡಿಗೆಗೆ ಸಿಗುತ್ತದೆ ಎಂಬ ಲೆಕ್ಕದ ಮೇಲೆ. ದಾರಿಯಲ್ಲಿ ಊಟಕ್ಕೆ ನಿಂತರೆ ಸಾಮಾನ್ಯವಾಗಿ ತಕರಾರಿಲ್ಲ, ಬೇಲೂರಿನಲ್ಲಿ ಎರಡು ಗಂಟೆ ನಿಲ್ಲಿಸಬೇಕೆಂದರೆ ಮೊದಲೇ ಹೇಳಿ ದರ ಕೇಳಬೇಕು.

ಬಾಟಾ ಚಾಲಕನ ಊಟ, ತಂಗುವಿಕೆಗೆ ಕೊಡುವ ಹಣ. ‘ಬಾಟಾ ಸೇರಿ’ ಎಂಬ ಪ್ಯಾಕೇಜಿನಲ್ಲಿ ಅದು ಚಾಲಕನಿಗೆ ಯಾವಾಗ, ಎಷ್ಟು ಸಿಗುತ್ತದೆ ಎಂದು ಟ್ರಾವೆಲ್ಸ್‌ನವರನ್ನು ಕೇಳುವುದರಲ್ಲಿ ತಪ್ಪಿಲ್ಲ. ಲಾಡ್ಜ್ ಬುಕ್ ಮಾಡುವಾಗ ಚಾಲಕರು ಮಲಗಲು ಜಾಗವಿದೆಯೇ ಎಂದೂ ವಿಚಾರಿಸಬೇಕು. ಕಾರಿನ ಸೀಟಿನಲ್ಲೇ ರಾತ್ರಿ ಕಳೆದವರು ಮರುದಿನ ಘಟ್ಟದ ತಿರುವುಗಳಲ್ಲಿ ಸ್ಟಿಯರಿಂಗ್ ಹಿಡಿಯುವುದು ಯಾರಿಗೂ ಕ್ಷೇಮವಲ್ಲ.

ಹೊರಡುವ ಮುನ್ನ ಟ್ರಾವೆಲ್ಸ್‌ನವರಿಂದ ಒಂದು ವಾಟ್ಸ್‌ಆ್ಯಪ್ ಮೆಸೇಜ್ ತರಿಸಿಕೊಳ್ಳಿ. ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್, ದಿನ ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತದೆ, ಮೀಟರ್ ಎಣಿಕೆ ಶೆಡ್ಡಿನಿಂದಲೋ ಮನೆಯಿಂದಲೋ, ಬಾಟಾ ಮತ್ತು ಜಿಎಸ್‌ಟಿ ಒಳಗೋ ಹೊರಗೋ ಎಂಬುದೆಲ್ಲ ಅದರಲ್ಲಿರಲಿ. ಕಾರು ಹತ್ತುವಾಗ ಓಡೋಮೀಟರಿನ ಫೋಟೊ ತೆಗೆದು, ಟ್ರಿಪ್ ಶೀಟಿನಲ್ಲಿ ಅದೇ ಸಂಖ್ಯೆ ಬರೆದಿದೆಯೇ ಎಂದು ನೋಡಿದ ಮೇಲೆಯೇ ಸಹಿ ಹಾಕಿ.