ತಾರೀಕಿಲ್ಲದ ಪಟ್ಟಿಯಲ್ಲಿ ಬದಲಾದ ಸಾಲು ಯಾವುದು?

ಒಂದು ಗ್ರಂಥಾಲಯ ತನ್ನ 50,000 ಪುಸ್ತಕಗಳ ಪಟ್ಟಿಯನ್ನು ಒಂದೇ ಫೈಲಾಗಿ ಅಂತರಜಾಲದಲ್ಲಿ ಇಟ್ಟಿದೆ ಎಂದುಕೊಳ್ಳಿ. ಪ್ರತಿ ಸಾಲಿನಲ್ಲಿ ಪರಿಗ್ರಹಣ ಸಂಖ್ಯೆ, ಪುಸ್ತಕದ ಹೆಸರು, ಲೇಖಕರು, ಪ್ರಕಟಣೆಯ ಊರು, ಕಪಾಟಿನ ಸಂಖ್ಯೆ ಇವೆ. ಆ ಸಾಲನ್ನು ಕೊನೆಗೆ ತಿದ್ದಿದ್ದು ಯಾವಾಗ ಎಂಬ ತಾರೀಕು ಮಾತ್ರ ಇಲ್ಲ. ಈ ಪಟ್ಟಿಯ ನಕಲನ್ನು ಇಟ್ಟುಕೊಂಡು ಹುಡುಕಾಟದ ಸೌಲಭ್ಯ ಕೊಡುವ ಇನ್ನೊಂದು ತಾಣ ಪ್ರತಿ ರಾತ್ರಿ ತನ್ನ ನಕಲನ್ನು ಹೊಸದಾಗಿಸಬೇಕು. ತಾರೀಕು ಇದ್ದಿದ್ದರೆ ‘ನಿನ್ನೆಯಿಂದ ಈಚೆಗೆ ತಿದ್ದಿದ್ದನ್ನು ಮಾತ್ರ ಕೊಡು’ ಎಂದು ಕೇಳಿದರೆ ಸಾಕಿತ್ತು. ಅದಿಲ್ಲದ್ದರಿಂದ ‘ಯಾವಾಗ ಬದಲಾಯಿತು’ ಎಂಬ ಪ್ರಶ್ನೆಯನ್ನು ಕೈಬಿಟ್ಟು ‘ನಿನ್ನೆ ಕಂಡಂತೆಯೇ ಇದೆಯೇ’ ಎಂದು ಕೇಳಬೇಕಾಗುತ್ತದೆ. ಇದಕ್ಕೆ ಉತ್ತರ ಹುಡುಕುವ ಗಣಿತ ಸುಲಭ. ‘ಹಾಗೆಯೇ ಇದೆ’ ಎಂದರೆ ಏನು ಎಂಬುದನ್ನು ತೀರ್ಮಾನಿಸುವುದೇ ನಿಜವಾದ ಕೆಲಸ.

ಮೊದಲು ಗಣಿತ ನೋಡೋಣ. ಹ್ಯಾಶ್ ಎಂಬ ಲೆಕ್ಕಾಚಾರ ಎಷ್ಟೇ ಉದ್ದದ ಬರಹವನ್ನಾದರೂ ನಿಗದಿತ ಉದ್ದದ ಒಂದು ಸಂಖ್ಯೆಗೆ ಇಳಿಸುತ್ತದೆ. ಎಸ್‌ಎಚ್‌ಎ-256 ಎಂಬ ಬಗೆಯಲ್ಲಿ ಅದು 32 ಬೈಟ್ ಉದ್ದ. ಬರಹದಲ್ಲಿ ಒಂದು ಅಕ್ಷರ ಅತ್ತಿತ್ತಾದರೂ ಸಂಖ್ಯೆ ಗುರುತು ಸಿಗದಷ್ಟು ಬೇರೆಯಾಗುತ್ತದೆ. ನಮ್ಮ ತಾಣ ನಿನ್ನೆ ರಾತ್ರಿ ಪ್ರತಿ ಪರಿಗ್ರಹಣ ಸಂಖ್ಯೆಯ ಎದುರು ಆ ಸಾಲಿನ ಹ್ಯಾಶನ್ನು ಬರೆದಿಟ್ಟಿದೆ. 50,000 ಸಾಲಿಗೆ ಎಲ್ಲ ಹ್ಯಾಶ್ ಸೇರಿ 16 ಲಕ್ಷ ಬೈಟ್, ಮೊಬೈಲಿನಲ್ಲಿ ತೆಗೆದ ಒಂದು ಫೋಟೊದಷ್ಟು ಜಾಗ. ಇವತ್ತು ಪಟ್ಟಿಯನ್ನು ತಂದು, ಸಾಲು ಸಾಲಿಗೂ ಹ್ಯಾಶ್ ತೆಗೆದು ಹೋಲಿಸುತ್ತದೆ. ಸಂಖ್ಯೆಯೂ ಹ್ಯಾಶೂ ಹೊಂದಿದರೆ ಅದನ್ನು ಮುಟ್ಟುವುದಿಲ್ಲ. ಸಂಖ್ಯೆ ಇದ್ದು ಹ್ಯಾಶ್ ಬೇರೆಯಾದರೆ ಸಾಲು ಬದಲಾಗಿದೆ, ಸಂಖ್ಯೆಯೇ ಹೊಸದಾದರೆ ಹೊಸ ಪುಸ್ತಕ ಬಂದಿದೆ. ನಿನ್ನೆ ಇದ್ದ ಸಂಖ್ಯೆ ಇವತ್ತು ಕಾಣದಿದ್ದರೆ ಪುಸ್ತಕವನ್ನು ಪಟ್ಟಿಯಿಂದ ತೆಗೆದಿದ್ದಾರೆ. ಬರಿಯ ತಾರೀಕಿನಿಂದ ಈ ಕೊನೆಯದು ತಿಳಿಯುತ್ತಿರಲಿಲ್ಲ. ಇಲ್ಲದ ಸಾಲಿಗೆ ತಾರೀಕು ಎಲ್ಲಿಂದ ಬರಬೇಕು?

‘ಪೂರ್ತಿ ಪಟ್ಟಿಯನ್ನು ತಂದೇ ತರಬೇಕು ಎಂದಮೇಲೆ ಉಳಿದದ್ದೇನು’ ಎಂದು ಯಾರಾದರೂ ಕೇಳಬಹುದು. ಆಕ್ಷೇಪ ಸರಿಯಾದದ್ದೇ: ಹ್ಯಾಶ್ ತೆಗೆಯಲು ಪ್ರತಿ ಬೈಟನ್ನೂ ಓದಬೇಕು, ಹಾಗಾಗಿ ತರುವ ಖರ್ಚು ಉಳಿಯುವುದಿಲ್ಲ. ಉಳಿಯುವುದು ತಂದ ಮೇಲಿನ ಖರ್ಚು. ಡೇಟಾಬೇಸಿಗೆ 50,000 ಸಾಲು ಬರೆಯುವುದು, ಹುಡುಕಾಟದ ಸೂಚಿಯನ್ನು ಮತ್ತೆ ಕಟ್ಟುವುದು, ‘ಈ ಪುಸ್ತಕದ ವಿವರ ಬದಲಾಗಿದೆ’ ಎಂದು ಚಂದಾದಾರರಿಗೆ ಅಂಚೆ ಕಳಿಸುವುದು, ಇವೆಲ್ಲ ಬದಲಾದ ಮೂವತ್ತು ನಲವತ್ತು ಸಾಲಿಗೆ ಸೀಮಿತವಾಗುತ್ತವೆ. ಎರಡು ಬೇರೆ ಬರಹಗಳಿಗೆ ಒಂದೇ ಹ್ಯಾಶ್ ಬಂದುಬಿಟ್ಟರೆ ಎಂಬ ಭಯವನ್ನಂತೂ ಬೇಗ ಬಿಡಬಹುದು. ನಾವು ಹೋಲಿಸುವುದು ಒಂದೇ ಪುಸ್ತಕದ ನಿನ್ನಿನ ಸಾಲನ್ನು ಇವತ್ತಿನ ಸಾಲಿನೊಂದಿಗೆ ಮಾತ್ರ. 256 ಬಿಟ್‌ಗಳೂ ಆಕಸ್ಮಿಕವಾಗಿ ಹೊಂದಿಕೊಳ್ಳುವ ಸಾಧ್ಯತೆ ಲೆಕ್ಕಕ್ಕೆ ಹಿಡಿಯುವಂಥದ್ದಲ್ಲ.

ಎಡವಟ್ಟು ಆಗುವುದು ಹ್ಯಾಶಿಗೆ ಮೊದಲು. ಕನ್ನಡದ ಪಟ್ಟಿಯಲ್ಲೇ ಇದರ ಚಂದದ ಉದಾಹರಣೆ ಸಿಗುತ್ತದೆ. ಯುನಿಕೋಡ್‌ನಲ್ಲಿ ‘ಕೋಲಾರ’ ಎಂಬುದರ ‘ೋ’ ಸ್ವರಚಿಹ್ನೆಯನ್ನು `U+0CCB` ಎಂಬ ಒಂದೇ ಸಂಕೇತವಾಗಿ ಬರೆಯಬಹುದು. ಅಥವಾ `U+0CC6`, `U+0CC2`, `U+0CD5` ಎಂಬ ಮೂರು ತುಂಡುಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಯುಟಿಎಫ್-8ರಲ್ಲಿ ಮಾತ್ರ ಮೊದಲ ಕೋಲಾರ 15 ಬೈಟ್, ಎರಡನೆಯದು 21. ಹ್ಯಾಶಿಗೆ ಕಣ್ಣಿಲ್ಲ, ಅದು ಎಣಿಸುವುದು ಬೈಟುಗಳನ್ನು. ಗ್ರಂಥಾಲಯದವರು ತಂತ್ರಾಂಶ ಬದಲಿಸಿದ ರಾತ್ರಿ ಒಂದು ಪುಸ್ತಕವೂ ಕದಲದೆ ಸಾವಿರಾರು ಸಾಲುಗಳು ‘ಬದಲಾಗಿವೆ’ ಎಂದು ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಹ್ಯಾಶ್ ತೆಗೆಯುವ ಮುನ್ನ ಪಠ್ಯವನ್ನು ಎನ್‌ಎಫ್‌ಸಿ ಎಂಬ ಯುನಿಕೋಡ್ ನಿಯಮಕ್ಕೆ ಒಗ್ಗಿಸಿದರೆ ಮೂರು ತುಂಡುಗಳು ಕೂಡಿ ಒಂದಾಗುತ್ತವೆ. ಆದರೆ ‘ರಾಜ್‌ಕುಮಾರ್’ ಎಂದು ಬರೆಯುವಾಗ ನಡುವೆ ಕೂರುವ, ಕಣ್ಣಿಗೆ ಕಾಣದ `U+200C` ಚಿಹ್ನೆಯನ್ನು ಆ ನಿಯಮ ಮುಟ್ಟುವುದಿಲ್ಲ. ಅದು ಅಕ್ಷರದ ರೂಪವನ್ನೇ ಬದಲಿಸುವಂಥದ್ದು. ಅದರ ವ್ಯತ್ಯಾಸವನ್ನು ಬದಲಾವಣೆ ಎಂದು ಎಣಿಸಬೇಕೇ ಬೇಡವೇ ಎಂಬುದನ್ನು ಮನುಷ್ಯರೇ ತೀರ್ಮಾನಿಸಬೇಕು.

ಇನ್ನೊಂದು ಕಿರುಕುಳ, ಸುಮ್ಮನೆ ಬದಲಾಗುತ್ತಲೇ ಇರುವ ಅಂಕಣ. ‘ಈ ಪುಸ್ತಕವನ್ನು ನೋಡಿದವರು’ ಎಂಬ ಎಣಿಕೆಯೋ, ಪಟ್ಟಿ ತಯಾರಾದ ಗಳಿಗೆಯೋ ಪ್ರತಿ ಸಾಲಿನಲ್ಲಿ ಸೇರಿದ್ದರೆ ಪ್ರತಿ ರಾತ್ರಿಯೂ ಎಲ್ಲವೂ ಹೊಸದೇ. ಅಂಥ ಅಂಕಣಗಳನ್ನು ಬಿಟ್ಟು, ಉಳಿದವನ್ನು ಗೊತ್ತಾದ ಕ್ರಮದಲ್ಲಿ ಜೋಡಿಸಿ ಹ್ಯಾಶ್ ತೆಗೆಯಬೇಕು. ನಡುವೆ ಬೇರ್ಪಡಿಸುವ ಗುರುತೂ ಇರಬೇಕು. ಇಲ್ಲದಿದ್ದರೆ 12 ಮತ್ತು 3 ಎಂಬ ಎರಡು ಅಂಕಣ, 1 ಮತ್ತು 23 ಆದಾಗ ಹ್ಯಾಶಿಗೆ ಎರಡೂ 123. ಸುಮ್ಮನೆ ಬದಲಾಗುವ ಅಂಕಣ ಇನ್ನೂ ಉಳಿದಿದೆಯೇ ಎಂದು ತಿಳಿಯುವ ಪರೀಕ್ಷೆ ಸರಳ: ಒಂದು ಸಲ ಹೋಲಿಕೆ ಮುಗಿದ ಕೂಡಲೇ ಪಟ್ಟಿಯನ್ನು ಮತ್ತೆ ತಂದು ಹೋಲಿಸಿ. ಎರಡನೆಯ ಸಲ ಬದಲಾದ ಸಾಲುಗಳ ಸಂಖ್ಯೆ ಹೆಚ್ಚುಕಡಿಮೆ ಸೊನ್ನೆ ಬರದಿದ್ದರೆ ಗದ್ದಲವೂ ಹ್ಯಾಶಿನೊಳಕ್ಕೆ ಹೋಗುತ್ತಿದೆ ಎಂದೇ ಅರ್ಥ.

ತರುವ ಖರ್ಚನ್ನೂ ಉಳಿಸುವ ದಾರಿ ಇಟ್ಯಾಗ್. ಫೈಲ್ ಕೊಡುವಾಗ ಸರ್ವರ್ ಜೊತೆಗೊಂದು ಚೀಟಿಯನ್ನೂ ಕೊಡುತ್ತದೆ. ಮರುದಿನ ಅದೇ ಚೀಟಿಯನ್ನು ತೋರಿಸಿ ಕೇಳಿದರೆ, ಬದಲಾಗದಿದ್ದಲ್ಲಿ ಫೈಲ್ ಕೊಡದೆ 304 ಎಂದಷ್ಟೇ ಉತ್ತರಿಸುತ್ತದೆ.

```
GET /pustaka.csv HTTP/1.1
Host: example.org
If-None-Match: "65a0f3c0-b71b00"

HTTP/1.1 304 Not Modified
```

ಈ ಚೀಟಿಯೂ ಹ್ಯಾಶೇ ಎಂದು ಹಲವರು ನಂಬಿದ್ದಾರೆ. ನಿಯಮದಲ್ಲಿ ಹಾಗೇನೂ ಇಲ್ಲ. ಪಡೆದವನ ಪಾಲಿಗೆ ಅದು ಅರ್ಥ ಬಿಡಿಸಬಾರದ ಗುರುತು, ಹೇಗೆ ತಯಾರಿಸಬೇಕೆಂಬುದು ಸರ್ವರಿನ ಇಷ್ಟ. ಮೇಲಿನದು ಎಂಜಿನ್‌ಎಕ್ಸ್ ಸರ್ವರ್ ಸಾಮಾನ್ಯ ಫೈಲುಗಳಿಗೆ ಕೊಡುವ ಮಾದರಿಯದು. ಗೆರೆಯ ಬಲಗಡೆಯದು ಫೈಲಿನ ಗಾತ್ರ, ಹದಿನಾರರ ಪದ್ಧತಿಯಲ್ಲಿ ಬರೆದ 1 ಕೋಟಿ 20 ಲಕ್ಷ ಬೈಟ್. ಎಡಗಡೆಯದು ಫೈಲನ್ನು ಕೊನೆಗೆ ಬರೆದ ಸೆಕೆಂಡು: ಬಿಡಿಸಿದರೆ 2024ರ ಜನವರಿ 12, ಭಾರತೀಯ ಕಾಲಮಾನ ಮಧ್ಯಾಹ್ನ 1 ಗಂಟೆ 39 ನಿಮಿಷ 36 ಸೆಕೆಂಡು. ಪಟ್ಟಿಯಲ್ಲಿ ಇಲ್ಲದ ತಾರೀಕು ಚೀಟಿಯಲ್ಲಿ ವೇಷ ಹಾಕಿಕೊಂಡು ಕೂತಿದೆ! ಆದರೆ ಅದು ಫೈಲಿನ ತಾರೀಕು, ಸಾಲಿನದ್ದಲ್ಲ.

ಹೀಗಾಗಿ ‘ಹಾಗೆಯೇ ಇದೆ’ ಎಂಬುದನ್ನು ಇಲ್ಲಿ ನಮ್ಮ ಪರವಾಗಿ ಬೇರೆ ಯಾರೋ ತೀರ್ಮಾನಿಸಿರುತ್ತಾರೆ, ಅವರು ಎರಡು ರೀತಿಯಲ್ಲಿ ತಪ್ಪಬಹುದು. ಅದೇ ಫೈಲನ್ನು ಮತ್ತೆ ಬರೆದಿಟ್ಟರೆ, ಅಥವಾ ಎರಡು ಸರ್ವರುಗಳಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಇಟ್ಟಿದ್ದರೆ, ಒಳಗಿನದು ಬದಲಾಗದೆ ಚೀಟಿ ಬದಲಾಗುತ್ತದೆ. ಇದರಿಂದ ಹೆಚ್ಚಿನ ನಷ್ಟವಿಲ್ಲ. ಫೈಲ್ ಸುಮ್ಮನೆ ಬಂದಿತು, ಸಾಲಿನ ಹ್ಯಾಶುಗಳು ‘ಏನೂ ಆಗಿಲ್ಲ’ ಎಂದು ಹೇಳುತ್ತವೆ. ತಿರುಗುಮುರುಗಾದರೆ ಅಪಾಯ. ಕಪಾಟು 12ನ್ನು 21 ಎಂದು ತಿದ್ದಿದರೆ ಗಾತ್ರ ಬದಲಾಗದು. ಫೈಲನ್ನು ಹಳೆಯ ಕಾಲಮುದ್ರೆ ಉಳಿಸಿಕೊಂಡೇ ನಕಲು ಮಾಡಿದ್ದರೆ ಚೀಟಿಯೂ ಅದೇ, ನಮಗೆ 304 ಬರುತ್ತಲೇ ಇರುತ್ತದೆ. ಅದಕ್ಕೆ ವಾರಕ್ಕೊಮ್ಮೆಯಾದರೂ ಚೀಟಿ ತೋರಿಸದೆ ಪೂರ್ತಿ ಪಟ್ಟಿ ತಂದು ಹ್ಯಾಶ್ ಹೋಲಿಸಬೇಕು. 304ರ ನಂತರ ಚೀಟಿ ಬದಲಾಗದೆಯೇ ಬಂದ ಪೂರ್ತಿ ಪಟ್ಟಿಯಲ್ಲಿ ವ್ಯತ್ಯಾಸ ಕಂಡರೆ ಆ ಸರ್ವರಿನ ಚೀಟಿಯನ್ನು ಇನ್ನು ನಂಬುವಂತಿಲ್ಲ.

ಹ್ಯಾಶಿಗೂ ಕಾಣದ್ದು ಇದೆ. ಬೆಳಿಗ್ಗೆ ತಪ್ಪಾಗಿ ತಿದ್ದಿ ಸಂಜೆ ಮೊದಲಿನಂತೆ ಮಾಡಿದರೆ ರಾತ್ರಿಯ ಹೋಲಿಕೆಗೆ ಅದು ನಡೆದೇ ಇಲ್ಲ. ಪುಸ್ತಕಪಟ್ಟಿಯ ನಕಲಿಗೆ ಇದು ನಡೆದೀತು, ಬ್ಯಾಂಕ್ ಖಾತೆಯ ಇತಿಹಾಸಕ್ಕೆ ನಡೆಯದು. ಹ್ಯಾಶನ್ನು ಬರೆದಿಡುವ ಹೊತ್ತೂ ಮುಖ್ಯ. ಹೊಸ ಹ್ಯಾಶನ್ನು ಮೊದಲು ಬರೆದು, ಸಾಲನ್ನು ಉಳಿಸುವಾಗ ಕರೆಂಟು ಹೋದರೆ, ನಾಳೆ ಎರಡೂ ಹೊಂದುತ್ತವೆ, ಆ ತಿದ್ದುಪಡಿ ನಮ್ಮ ನಕಲಿಗೆ ಸೇರದೇ ಉಳಿಯುತ್ತದೆ. ಎರಡನ್ನೂ ಒಂದೇ ವಹಿವಾಟಿನಲ್ಲಿ ಬರೆಯಬೇಕು. ಇನ್ನು, ಪಟ್ಟಿ ಅರ್ಧಕ್ಕೆ ತುಂಡಾಗಿ ಬಂದ ರಾತ್ರಿ, ಕಾಣದ 25,000 ಪುಸ್ತಕಗಳನ್ನು ‘ತೆಗೆದಿದ್ದಾರೆ’ ಎಂದು ಅಳಿಸಿಹಾಕುವ ಮೊದಲು ತಂತ್ರಾಂಶ ನಿಂತು, ಒಬ್ಬ ಮನುಷ್ಯನನ್ನು ಕರೆಯಬೇಕು.