ಪಾಠದ ವಿಡಿಯೋಗೆ ಟಿಪ್ಸ್‌ನ ತಲೆಬರಹ ಬೇಡ

2023ರ ಮಾರ್ಚ್ 2ರಂದು ಸೆಬಿ ಒಂದು ಮಧ್ಯಂತರ ಆದೇಶ ಹೊರಡಿಸಿತು. ಸಾಧನಾ ಬ್ರಾಡ್‌ಕಾಸ್ಟ್ ಎಂಬ ಸಣ್ಣ ಕಂಪನಿಯ ಷೇರು ಕೊಳ್ಳುವಂತೆ 2022ರ ಜುಲೈನಲ್ಲಿ ಎರಡು ಯೂಟ್ಯೂಬ್ ಚಾನೆಲ್‌ಗಳಲ್ಲಿ ವಿಡಿಯೋಗಳು ಬಂದಿದ್ದವು. ಅವುಗಳಲ್ಲಿದ್ದ ಮಾಹಿತಿ ಸುಳ್ಳು, ಅದನ್ನು ನಂಬಿ ಜನ ಕೊಂಡಾಗ ಒಳಗಿನವರು ಏರಿದ ಬೆಲೆಗೆ ಮಾರಿಕೊಂಡರು ಎಂದು ಸೆಬಿ ಹೇಳಿತು. ಆ ಚಾನೆಲ್‌ಗಳ ಹೆಸರು ‘ದಿ ಅಡ್ವೈಸರ್’ ಮತ್ತು ‘ಮನಿವೈಸ್’. ವಿಡಿಯೋ ತೆರೆಯುವ ಮೊದಲೇ, ಇಲ್ಲಿ ಸಲಹೆ ಸಿಗುತ್ತದೆ ಎಂಬ ನಂಬಿಕೆಯನ್ನು ಹುಟ್ಟಿಸುವ ಹೆಸರುಗಳು.

ಅದು ಮೋಸದ ಪ್ರಕರಣ. ನಾನು ಬರೆಯಹೊರಟಿರುವುದು ಪ್ರಾಮಾಣಿಕರ ಬಗ್ಗೆ. ಷೇರು ಎಂದರೇನು, ಡಿಮ್ಯಾಟ್ ಖಾತೆ ಯಾಕೆ ಬೇಕು ಎಂದು ಕನ್ನಡದಲ್ಲಿ ಅಚ್ಚುಕಟ್ಟಾಗಿ ಪಾಠ ಹೇಳುವವರು ಈಗ ಬಹಳ ಜನ ಇದ್ದಾರೆ. ಅವರ ಪಾಠದಲ್ಲಿ ತಪ್ಪಿರುವುದಿಲ್ಲ. ಆದರೆ ಅಪ್‌ಲೋಡ್ ಮಾಡುವ ಹೊತ್ತಿಗೆ, ನಾಲ್ಕು ಜನ ನೋಡಲಿ ಎಂಬ ಆಸೆಯಿಂದ, ‘ಈ 3 ಷೇರು ಕೊಂಡರೆ ಲೈಫ್ ಸೆಟಲ್!’ ಎಂದು ಶೀರ್ಷಿಕೆ ಕೊಡುತ್ತಾರೆ. ಶೀರ್ಷಿಕೆ, ಥಂಬ್‌ನೇಲ್, ಕೆಳಗಿನ ವಿವರಣೆ, ಟ್ಯಾಗ್, ವಿಡಿಯೋದ ಭಾಗಗಳಿಗೆ ಕೊಡುವ ಹೆಸರು ಇವೆಲ್ಲ ಸೇರಿದ್ದೇ ಮೆಟಾಡೇಟಾ. ಹತ್ತು ಮಂದಿಯ ಕಣ್ಣಿಗೆ ಶೀರ್ಷಿಕೆ ಬಿದ್ದರೆ ವಿಡಿಯೋ ತೆರೆಯುವವರು ಒಬ್ಬರೋ ಇಬ್ಬರೋ. ಉಳಿದವರ ಪಾಲಿಗೆ ಆ ಒಂದು ಸಾಲೇ ಇಡೀ ಪಾಠ.

ಕಾನೂನಿನ ಗೆರೆ ಎಲ್ಲಿದೆ ಎಂಬುದನ್ನು ಮೊದಲು ತಿಳಿಯಬೇಕು. ಹಣ ಪಡೆದು ಹೂಡಿಕೆ ಸಲಹೆ ಕೊಡುವವರಿಗೆ ಸೆಬಿಯ 2013ರ ನಿಯಮಗಳ ಪ್ರಕಾರ ನೋಂದಣಿ ಬೇಕು. ಷೇರುಗಳ ಬಗ್ಗೆ ಕೊಳ್ಳಿ, ಮಾರಿ ಎಂದು ಶಿಫಾರಸು ಮಾಡುವ ವಿಶ್ಲೇಷಕರಿಗೆ 2014ರ ನಿಯಮಗಳಿವೆ. ಶಿಕ್ಷಣಕ್ಕೆ ತಡೆಯಿಲ್ಲ. ಆದರೆ ಶಿಕ್ಷಣದ ಹೆಸರಿನಲ್ಲಿ ಸಲಹೆ ನುಸುಳುತ್ತಿರುವುದನ್ನು ಕಂಡು, 2025ರ ಜನವರಿ 29ರ ಸುತ್ತೋಲೆಯಲ್ಲಿ ಸೆಬಿ ಗೆರೆಯನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಬರೀ ಶಿಕ್ಷಣ ಕೊಡುವವರು ಹಿಂದಿನ ಮೂರು ತಿಂಗಳ ಮಾರುಕಟ್ಟೆ ಬೆಲೆಯನ್ನು ಇಟ್ಟುಕೊಂಡು, ಷೇರಿನ ಹೆಸರನ್ನೋ ಸಂಕೇತನಾಮವನ್ನೋ ಬಳಸಿ, ಮುಂದಿನ ಬೆಲೆ ಅಥವಾ ಶಿಫಾರಸು ಸೂಚಿಸುವಂತಿಲ್ಲ ಎಂದು ಆ ಸುತ್ತೋಲೆ ಹೇಳಿತು. ಮಾತಿನಲ್ಲಷ್ಟೇ ಅಲ್ಲ, ತೆರೆಯ ಮೇಲೆ ತೋರಿಸುವುದೂ ಇದರೊಳಗೆ ಬರುತ್ತದೆ. ಹಾಗಾಗಿ ನಿನ್ನೆಯ ಚಾರ್ಟ್, ಕಂಪನಿಯ ಲೋಗೊ, ಮೇಲೇರುವ ಹಸಿರು ಬಾಣ ಮೂರನ್ನೂ ಥಂಬ್‌ನೇಲ್‌ನಲ್ಲಿ ಹಾಕಿದರೆ, ಒಂದಕ್ಷರ ಬರೆಯದಿದ್ದರೂ ನೋಡುವವನಿಗೆ ‘ಇದು ಏರುತ್ತದೆ’ ಎಂದೇ ಕಾಣುತ್ತದೆ.

ಟಿಪ್ಸ್ ಯಾವುದೋ ಒಂದು ನಿಷಿದ್ಧ ಪದದಿಂದ ಆಗುವುದಲ್ಲ. ಒಂದು ಷೇರಿನ ಹೆಸರು, ಒಂದು ಕ್ರಿಯೆ, ಒಂದು ಕಾಲ ಒಟ್ಟಿಗೆ ಬಂದಾಗ ಆಗುತ್ತದೆ. ‘ಕೊಳ್ಳುವುದು’ ಎಂಬ ಪದ ತಪ್ಪಲ್ಲ. ‘ಷೇರು ಕೊಳ್ಳುವ ಮುನ್ನ ಏನು ಓದಬೇಕು’ ಎಂಬುದು ಪಾಠವೇ. ಅದರ ಜಾಗದಲ್ಲಿ ಕಂಪನಿಯ ಹೆಸರಿಟ್ಟು ‘ಈಗ ಕೊಳ್ಳಬಹುದೇ?’ ಎಂದು ಕೇಳಿದರೆ, ಪ್ರಶ್ನಾರ್ಥಕ ಚಿಹ್ನೆ ಇದ್ದರೂ ಅದು ಟಿಪ್ಸ್‌ನ ದನಿ.

ಲಾಭದ ಭರವಸೆ ಇನ್ನೂ ಜಾಣತನದಿಂದ ಒಳಗೆ ಬರುತ್ತದೆ, ಲೆಕ್ಕದ ವೇಷದಲ್ಲಿ. ‘ತಿಂಗಳಿಗೆ 5,000 ಹಾಕಿ, 15 ವರ್ಷದಲ್ಲಿ 25 ಲಕ್ಷ’ ಎಂಬ ಶೀರ್ಷಿಕೆಯನ್ನೇ ನೋಡಿ. ವರ್ಷಕ್ಕೆ 12% ಎಂದು ಹಿಡಿದರೆ ಈ ಲೆಕ್ಕ ಸರಿ. ಹಾಕಿದ ಹಣ 9 ಲಕ್ಷ, ಆಗುವುದು ಸುಮಾರು 25 ಲಕ್ಷ. ಆದರೆ 6% ಎಂದು ಹಿಡಿದರೆ ಸುಮಾರು 14.6 ಲಕ್ಷ ಮಾತ್ರ. ಮಾರುಕಟ್ಟೆ ಬಿದ್ದ ವರ್ಷದಲ್ಲೇ ಹಣ ಬೇಕಾದರೆ ಅದಕ್ಕಿಂತಲೂ ಕಡಿಮೆ ಸಿಗಬಹುದು. 12% ಎಂಬ ಊಹೆ ವಿಡಿಯೋದ ಎಂಟನೇ ನಿಮಿಷದಲ್ಲಿ ಉಳಿದು, 25 ಲಕ್ಷ ಮಾತ್ರ ಶೀರ್ಷಿಕೆಗೆ ಬಂದರೆ ಅದು ಭರವಸೆಯೇ. ಅದೇ ಪಾಠಕ್ಕೆ ‘ತಿಂಗಳ ಹೂಡಿಕೆ: ಬಡ್ಡಿಯ ಊಹೆ ಬದಲಾದರೆ ಮೊತ್ತ ಎಷ್ಟು ಬದಲಾಗುತ್ತದೆ?’ ಎನ್ನಬಹುದು. ಕುತೂಹಲ ಕಡಿಮೆಯಾಗುವುದಿಲ್ಲ, ಸುಳ್ಳಾಸೆಯೂ ಇರುವುದಿಲ್ಲ.

ಈಗ ಹನ್ನೆರಡು ನಿಮಿಷದ ಒಂದು ಮೊದಲ ಪಾಠ ಸಿದ್ಧವಾಗಿದೆ ಎಂದುಕೊಳ್ಳೋಣ. ಅದಕ್ಕೆ ನಾನು ಕೊಡುವ ಶೀರ್ಷಿಕೆ: ‘ಷೇರು ಎಂದರೇನು? ಬೆಲೆ ಏರುವುದು, ಇಳಿಯುವುದು ಏಕೆ? | ಷೇರು ಮಾರುಕಟ್ಟೆ ಮೊದಲ ಪಾಠ’. ‘ಇಳಿಯುವುದು’ ಎಂಬ ಮಾತನ್ನು ಬೇಕೆಂದೇ ಅಲ್ಲಿಟ್ಟಿದ್ದೇನೆ. ನಷ್ಟದ ಸಾಧ್ಯತೆ ಶೀರ್ಷಿಕೆಯಲ್ಲೇ ಇರಬೇಕು. ಯೂಟ್ಯೂಬ್ ಶೀರ್ಷಿಕೆಗೆ 100 ಕ್ಯಾರೆಕ್ಟರ್‌ಗಳ ಮಿತಿ ಇದೆ. ಕನ್ನಡದಲ್ಲಿ ಗುಣಿತ ಮತ್ತು ಒತ್ತಿನ ಚಿಹ್ನೆಗಳೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ‘ಮಾರುಕಟ್ಟೆ’ ನಮ್ಮ ಕಣ್ಣಿಗೆ ನಾಲ್ಕಕ್ಷರ, ಎಣಿಕೆಯಲ್ಲಿ 9. ಮೊಬೈಲ್‌ನಲ್ಲಿ ಉದ್ದ ಶೀರ್ಷಿಕೆಯ ಬಾಲ ಕತ್ತರಿಸಿಹೋಗುವುದರಿಂದ, ‘ಅಪಾಯಗಳು’ ಎಂಬ ಪದ ಕೊನೆಯಲ್ಲಿದ್ದರೆ ಅದೇ ಮೊದಲು ಮರೆಯಾಗುತ್ತದೆ.

ವಿವರಣೆಗೆ 5,000 ಕ್ಯಾರೆಕ್ಟರ್‌ಗಳ ಜಾಗ ಇದ್ದರೂ ‘ಇನ್ನಷ್ಟು’ ಒತ್ತುವ ಮೊದಲು ಕಾಣುವುದು ಆರಂಭದ ಕೆಲವೇ ಸಾಲು. ಹೆಚ್ಚಿನವರು ಅಲ್ಲಿ ಡಿಮ್ಯಾಟ್ ಖಾತೆಯ ಲಿಂಕ್ ಹಾಕಿ, ಎಚ್ಚರಿಕೆಯ ಮಾತನ್ನು ತಳಕ್ಕೆ ತಳ್ಳುತ್ತಾರೆ. ಈ ಕ್ರಮ ತಿರುಗಬೇಕು. ‘ಇದು ಹೊಸಬರಿಗಾಗಿ ಮಾಡಿದ ಪಾಠ. ಯಾವುದೇ ಷೇರನ್ನು ಕೊಳ್ಳಿ, ಮಾರಿ ಎಂದು ಇಲ್ಲಿ ಹೇಳಿಲ್ಲ. ಉದಾಹರಣೆಯ ಕಂಪನಿ ಕಾಲ್ಪನಿಕ. ಷೇರಿನಲ್ಲಿ ಹಾಕಿದ ಹಣ ಕಡಿಮೆಯಾಗಬಹುದು’ ಎಂಬುದು ಮೊದಲು ಬರಲಿ. ಲಿಂಕ್‌ನಿಂದ ನಿಮಗೆ ಕಮಿಷನ್ ಬರುತ್ತಿದ್ದರೆ ಲಿಂಕ್‌ನ ಪಕ್ಕದಲ್ಲೇ ಅದನ್ನು ಹೇಳಿ.

ಎಚ್ಚರಿಕೆಯ ಸಾಲು ಶೀರ್ಷಿಕೆಯ ತಪ್ಪನ್ನು ತೊಳೆಯುವುದಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ‘ಖಚಿತ ಲಾಭ’ ಎಂದು ಮೇಲೆ ಕೂಗಿ, ‘ನಾನು ಸೆಬಿ ನೋಂದಾಯಿತ ಸಲಹೆಗಾರನಲ್ಲ’ ಎಂದು ಕೆಳಗೆ ಬರೆದರೆ, ನೋಂದಣಿಯಿಲ್ಲದೆ ಭರವಸೆ ಕೊಟ್ಟೆ ಎಂದು ತಾನೇ ಬರೆದುಕೊಟ್ಟಂತೆ.

ಭಾಗಗಳ ಪಟ್ಟಿ 00:00ರಿಂದ ಶುರುವಾಗಬೇಕು, ಕನಿಷ್ಠ ಮೂರು ಇರಬೇಕು, ಪ್ರತಿಯೊಂದೂ 10 ಸೆಕೆಂಡಿಗಿಂತ ಚಿಕ್ಕದಾಗಿರಬಾರದು. ನಮ್ಮ ಪಾಠಕ್ಕೆ ಹೀಗೆ:

```
00:00 ಈ ಪಾಠದಲ್ಲಿ ಏನಿದೆ
00:50 ಷೇರು ಎಂದರೇನು
03:10 ಬೆಲೆ ಹೇಗೆ ನಿರ್ಧಾರವಾಗುತ್ತದೆ
06:40 ಡಿಮ್ಯಾಟ್ ಖಾತೆ ಯಾಕೆ
09:15 ಹಣ ಕಳೆದುಕೊಳ್ಳುವುದು ಹೇಗೆ
```

ಈ ಹೆಸರುಗಳು ಹುಡುಕಾಟದಲ್ಲೂ ಬಿಡಿಯಾಗಿ ಕಾಣಿಸಿಕೊಳ್ಳಬಹುದು. ಆದ್ದರಿಂದ ಒಂದೊಂದೂ ತನ್ನಷ್ಟಕ್ಕೆ ಪಾಠದಂತೆಯೇ ಓದಿಸಿಕೊಳ್ಳಬೇಕು. ‘ಮೊದಲು ಯಾವುದು ಕೊಳ್ಳಲಿ’ ಎಂಬ ಒಂದೇ ಭಾಗ ಇಡೀ ಪಟ್ಟಿಯನ್ನು ಕೆಡಿಸುತ್ತದೆ.

ಟ್ಯಾಗ್‌ಗಳಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಜನ ತಪ್ಪಾಗಿ ಬರೆಯುವ ಪದಗಳಿಗೆ ಮಾತ್ರ ಅವು ಹೆಚ್ಚು ಉಪಯೋಗ ಎಂದು ಯೂಟ್ಯೂಬ್ ತಾನೇ ಹೇಳುತ್ತದೆ. ನಮ್ಮಲ್ಲಿ ಅದಕ್ಕೆ ನಿಜವಾದ ಕೆಲಸವಿದೆ: ‘ಷೇರು’, ‘ಶೇರು’, ‘ಶೇರ್ ಮಾರ್ಕೆಟ್’, ಜೊತೆಗೆ `share market kannada`. ನೋಡುಗರಿಗೆ ಕಾಣುವುದಿಲ್ಲವೆಂದು ‘ಜಾಕ್‌ಪಾಟ್’, ‘ಮಲ್ಟಿಬ್ಯಾಗರ್’ ತುಂಬುವವರಿದ್ದಾರೆ. ವಿಡಿಯೋದಲ್ಲಿ ಇಲ್ಲದ್ದನ್ನು ಮೆಟಾಡೇಟಾದಲ್ಲಿ ಹೇಳುವುದು ಯೂಟ್ಯೂಬ್‌ನ ನಿಯಮಕ್ಕೂ ವಿರುದ್ಧ.

ಪ್ರಕಟಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಷೇರುಪೇಟೆಯ ಗಂಧವಿಲ್ಲದ ಮನೆಯವರೊಬ್ಬರಿಗೆ ಥಂಬ್‌ನೇಲ್ ಮತ್ತು ಶೀರ್ಷಿಕೆ ಮಾತ್ರ ತೋರಿಸಿ, ‘ನಾಳೆ 9:15ಕ್ಕೆ ಮಾರುಕಟ್ಟೆ ತೆರೆಯುತ್ತದೆ, ಏನು ಮಾಡುತ್ತೀರಿ?’ ಎಂದು ಕೇಳಿ. ‘ವಿಡಿಯೋ ನೋಡುತ್ತೇನೆ’ ಎಂದರೆ ಸರಿ. ಅವರ ಬಾಯಲ್ಲಿ ಒಂದು ಕಂಪನಿಯ ಹೆಸರೋ ಒಂದು ಮೊತ್ತವೋ ಬಂದರೆ ಶೀರ್ಷಿಕೆಯನ್ನು ಮತ್ತೆ ಬರೆಯಿರಿ. ಹಿಂದೆಯೇ ಹಾಕಿದ ವಿಡಿಯೋಗಳಿಗೂ ಇದನ್ನು ಮಾಡಬಹುದು. ಯೂಟ್ಯೂಬ್ ಸ್ಟುಡಿಯೋದಲ್ಲಿ ಶೀರ್ಷಿಕೆ, ವಿವರಣೆ, ಥಂಬ್‌ನೇಲ್ ಮೂರನ್ನೂ ಯಾವಾಗ ಬೇಕಾದರೂ ಬದಲಿಸಲು ಬರುತ್ತದೆ, ವಿಡಿಯೋ ಮತ್ತೆ ಹಾಕಬೇಕಿಲ್ಲ.