ಗೆಳೆಯನ ಗಾಣ, ತನ್ನ ಲೆಕ್ಕ

ಗೆಳೆಯನೊಬ್ಬ ನಡೆಸಿ ಗೆದ್ದ ವ್ಯಾಪಾರವನ್ನೇ ಇನ್ನೊಬ್ಬ ಶುರು ಮಾಡಿದಾಗ ಸೋಲುವುದಕ್ಕೆ ಮುಖ್ಯ ಕಾರಣ, ಕಣ್ಣಿಗೆ ಕಾಣುವ ವ್ಯಾಪಾರ ಬೇರೆ, ಲಾಭ ಹುಟ್ಟುವ ಜಾಗ ಬೇರೆ ಆಗಿರುವುದು. ಯಂತ್ರ, ಅಂಗಡಿ, ಬೋರ್ಡು, ಗಿರಾಕಿಗಳ ಸಾಲು ಎಲ್ಲರಿಗೂ ಕಾಣುತ್ತವೆ. ಸರಕು ಯಾವ ತಿಂಗಳಲ್ಲಿ ಕೊಂಡದ್ದು, ಕಟ್ಟಡ ಯಾರದ್ದು, ಉಳಿಕೆ ಮಾಲು ಯಾರ ಮನೆಗೆ ಹೋಗುತ್ತದೆ ಎಂಬುದು ಕಾಣುವುದಿಲ್ಲ. ಎಷ್ಟೋ ಸಲ ನಡೆಸುವವನಿಗೇ ಅವುಗಳ ಬೆಲೆ ಗೊತ್ತಿರುವುದಿಲ್ಲ. ಕರ್ನಾಟಕದ ತಾಲ್ಲೂಕು ಪಟ್ಟಣಗಳಲ್ಲಿ ಈಚೆಗೆ ಒಂದರ ಹಿಂದೊಂದು ತೆರೆದುಕೊಂಡಿರುವ ಮರದ ಗಾಣದ ಎಣ್ಣೆ ಅಂಗಡಿಗಳನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ.

ಕರೆಂಟಿನಲ್ಲಿ ತಿರುಗುವ ಮರದ ಗಾಣದಲ್ಲಿ ಒಂದು ಸಲಕ್ಕೆ ಹತ್ತು ಹದಿನೈದು ಕೆಜಿ ಕಡಲೆಬೀಜ ಹಾಕುತ್ತಾರೆ. ಮೇಲಿಂದ ಸ್ವಲ್ಪ ನೀರು ಚಿಮುಕಿಸುತ್ತಾರೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಎಣ್ಣೆ ಬಿಡುತ್ತದೆ. ಬೀಜದಲ್ಲಿ ಶೇಕಡಾ 45ರಿಂದ 50ರಷ್ಟು ಎಣ್ಣೆ ಇದ್ದರೂ ಗಾಣಕ್ಕೆ ಸಿಗುವುದು ಸುಮಾರು 40 ಭಾಗ, ಉಳಿದದ್ದು ಹಿಂಡಿಯಲ್ಲೇ ನಿಲ್ಲುತ್ತದೆ. ಎಣ್ಣೆ ನೀರಿಗಿಂತ ಹಗುರವಾದ್ದರಿಂದ 100 ಕೆಜಿ ಬೀಜ ಅರೆದರೆ 40 ಕೆಜಿ, ಅಂದರೆ ಸುಮಾರು 44 ಲೀಟರ್ ಎಣ್ಣೆ ಬರುತ್ತದೆ. ಜೊತೆಗೆ 56 ಕೆಜಿಯಷ್ಟು ಹಿಂಡಿ. ಎಣ್ಣೆಯನ್ನು ಎರಡು ಮೂರು ದಿನ ತಿಳಿಯಲು ಬಿಟ್ಟು, ಗಷ್ಟು ಕೆಳಗಿಳಿದ ಮೇಲೆ ಬಾಟಲಿಗೆ ತುಂಬಬೇಕು. ಕೆಲಸ ಇಷ್ಟೇ. ಒಂದು ಮಧ್ಯಾಹ್ನ ಕೂತು ನೋಡಿದವರಿಗೆ ಅರ್ಥವಾಗಿಬಿಡುತ್ತದೆ, ಮೋಸವಾಗುವುದೂ ಅಲ್ಲಿಯೇ.

ಒಂದು ಊಹೆಯ ಉದಾಹರಣೆಯ ಮೂಲಕ ಲೆಕ್ಕ ಹಾಕಬಹುದು. ಇಬ್ಬರು ಗೆಳೆಯರು. ಹಳಬನದು ನಾಲ್ಕು ವರ್ಷದ ಗಾಣ, ಹೊಸಬ ಪಕ್ಕದ ತಾಲ್ಲೂಕಿನಲ್ಲಿ ಅದೇ ಕಂಪನಿಯ ಅದೇ ಗಾಣ ತಂದು ಹೂಡಿದ್ದಾನೆ. ಇಬ್ಬರೂ ಲೀಟರಿಗೆ 280 ರೂಪಾಯಿಯಂತೆ ಮಾರುತ್ತಾರೆ. ದರಗಳು ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಇಲ್ಲಿ ನೋಡಬೇಕಾದದ್ದು ದರಗಳನ್ನಲ್ಲ, ಇಬ್ಬರ ನಡುವಿನ ಅಂತರವನ್ನು.

ಹಳಬ ಮುಂಗಾರಿನ ಕಡಲೆಕಾಯಿ ಒಕ್ಕಣೆಯಾಗುವ ಹೊತ್ತಿಗೆ, ದರ ಇಳಿದಿರುವಾಗ, ಪರಿಚಯದ ರೈತರಿಂದಲೇ ಕಾಯಿ ಕೊಂಡು ಮನೆಯ ಹಿಂದಿನ ಗೋದಾಮಿನಲ್ಲಿ ಚೀಲ ಜೋಡಿಸುತ್ತಾನೆ. ಸಿಪ್ಪೆ ಇದ್ದರೆ ಕಾಯಿ ಬಹುಕಾಲ ಕೆಡುವುದಿಲ್ಲ. ಬೇಕಾದಾಗ ಬೇಕಾದಷ್ಟು ಸುಲಿಸುತ್ತಾನೆ. ಹೀಗೆ ಅವನಿಗೆ ಬೀಜ ಕೆಜಿಗೆ 105 ರೂಪಾಯಿ ಬಿದ್ದಿದೆ ಎಂದಿಟ್ಟುಕೊಳ್ಳೋಣ. ಹಿಂಡಿಯನ್ನು ಊರಿನಲ್ಲಿ ಹಸು ಕಟ್ಟಿದವರು ಕೆಜಿಗೆ 45 ರೂಪಾಯಿ ಕೊಟ್ಟು ಬಾಗಿಲಿಗೇ ಬಂದು ಒಯ್ಯುತ್ತಾರೆ. ನೂರು ಕೆಜಿ ಬೀಜಕ್ಕೆ 10,500 ರೂಪಾಯಿ ಖರ್ಚಾಗಿ, ಹಿಂಡಿಯಿಂದ 2,520 ವಾಪಸು ಬರುತ್ತದೆ. ಉಳಿದ 7,980ನ್ನು 44 ಲೀಟರಿಗೆ ಹಂಚಿದರೆ ಲೀಟರಿಗೆ 181 ರೂಪಾಯಿ. ಬಾಟಲಿ, ಕರೆಂಟಿಗೆ 15 ಸೇರಿದರೆ 196. ಅಲ್ಲಿಗೆ ಲೀಟರಿಗೆ 84 ರೂಪಾಯಿ ಉಳಿಯುತ್ತದೆ. ಕಟ್ಟಡ ಸ್ವಂತದ್ದು, ಗಾಣದ ಸಾಲ ತೀರಿದೆ. ತಿಂಗಳಿಗೆ ಕೊಡಲೇಬೇಕಾದದ್ದು ಒಬ್ಬ ಆಳಿನ 12,000 ರೂಪಾಯಿ ಮಾತ್ರ. ಸುಮಾರು 143 ಲೀಟರ್ ಮಾರಿದರೆ ಆ ಖರ್ಚು ಹುಟ್ಟಿತು. ಮನೆಯೊಂದಕ್ಕೆ ತಿಂಗಳಿಗೆ ಮೂರು ಲೀಟರಿನಂತೆ 48 ಮನೆಗಳು ಸಾಕು.

ಹೊಸಬನಿಗೆ ಗೋದಾಮಿಲ್ಲ, ಒಟ್ಟಿಗೆ ಕೊಳ್ಳಲು ಕೈಯಲ್ಲಿ ದುಡ್ಡೂ ಇಲ್ಲ. ಗಾಣಕ್ಕೆಂದು ತಂದ ನಾಲ್ಕು ಲಕ್ಷದ ಸಾಲ ಗಾಣಕ್ಕೂ ಅಂಗಡಿಯ ಮುಂಗಡಕ್ಕೂ ಮುಗಿದಿದೆ. ತಿಂಗಳು ತಿಂಗಳು ಮಂಡಿಯಿಂದ ಸುಲಿದ ಬೀಜವನ್ನು 125ರಂತೆ ತರುತ್ತಾನೆ. ಬಡಾವಣೆಯಲ್ಲಿ ಹಸು ಕಟ್ಟಿದವರಿಲ್ಲವಾದ್ದರಿಂದ ಹಿಂಡಿ ವ್ಯಾಪಾರಿ ಕೇಳಿದ 35ಕ್ಕೇ ಕೊಡಬೇಕು. ನೂರು ಕೆಜಿಗೆ 12,500 ಕೊಟ್ಟು 1,960 ವಾಪಸು ಪಡೆದರೆ, ಲೀಟರಿಗೆ ಸುಮಾರು 240 ಬೀಳುತ್ತದೆ. ಬಾಟಲಿ, ಕರೆಂಟು ಸೇರಿ 255. ಉಳಿಯುವುದು 25 ರೂಪಾಯಿ. ತಿಂಗಳ ಖರ್ಚಿನಲ್ಲಿ ಬಾಡಿಗೆ 10,000, ಆಳಿಗೆ 12,000, ಮೂರು ವರ್ಷದ ಸಾಲದ ಕಂತು ಸುಮಾರು 13,000, ಒಟ್ಟು 35,000. ಇದು ಹುಟ್ಟಬೇಕಾದರೆ 1,400 ಲೀಟರ್ ಮಾರಬೇಕು. ಅಂದರೆ 460ಕ್ಕೂ ಹೆಚ್ಚು ಮನೆಗಳು, ಅದೂ ಅಂಗಡಿಯ ಪ್ಯಾಕೆಟ್ ಎಣ್ಣೆಗಿಂತ ಬಹಳ ಹೆಚ್ಚು ದರ ಕೊಡಲು ತಯಾರಿರುವ ಮನೆಗಳು. ಇನ್ನೊಂದು ವಿಚಾರ ಹೊಸಬನ ಗಮನಕ್ಕೇ ಬರುವುದಿಲ್ಲ. 1,400 ಲೀಟರಿಗೆ 32 ಕ್ವಿಂಟಲ್ ಬೀಜ ಬೇಕು. ಗಂಟೆಗೆ 12 ಕೆಜಿ ಅರೆಯುವ ಗಾಣ ತಿಂಗಳಲ್ಲಿ 26 ದಿನ, ದಿನಕ್ಕೆ ಹತ್ತು ಗಂಟೆಗೂ ಮೀರಿ ತಿರುಗಬೇಕು. ಕರೆಂಟು ಹೋಗಬಾರದು, ಒನಕೆ ಸವೆಯಬಾರದು, ಆಳು ರಜೆ ಹಾಕಬಾರದು. ಅಷ್ಟಾದರೂ ಕೈಗೆ ಬರುವುದು ಸೊನ್ನೆ.

ಇಬ್ಬರ ಎಣ್ಣೆಯೂ ಒಂದೇ, ಬೆಲೆಯೂ ಒಂದೇ, ಗಾಣವೂ ಒಂದೇ. ಒಬ್ಬನಿಗೆ 48 ಮನೆ ಬೇಕು, ಇನ್ನೊಬ್ಬನಿಗೆ ಅದರ ಹತ್ತರಷ್ಟು. ಹೊಸಬ ನಕಲು ಮಾಡಿದ್ದು ಗಾಣವನ್ನು. ಲಾಭ ಇದ್ದದ್ದು ಗೋದಾಮಿನಲ್ಲಿ, ಸ್ವಂತ ಕಟ್ಟಡದಲ್ಲಿ, ಹಿಂಡಿ ಒಯ್ಯುವವರಲ್ಲಿ.

ಹಳಬ ಮೋಸ ಮಾಡಿದನೆಂದು ಹೇಳುವಂತಿಲ್ಲ. ಕೇಳಿದ್ದಕ್ಕೆಲ್ಲ ಅವನು ನಿಜವನ್ನೇ ಹೇಳಿರುತ್ತಾನೆ. ‘ಲೀಟರಿಗೆ ಎಂಬತ್ತು ರೂಪಾಯಿ ಉಳಿಯುತ್ತೆ ಕಣೋ’ ಎಂಬ ಮಾತು ಅವನ ಮಟ್ಟಿಗೆ ನಿಜ. ಆದರೆ ಸ್ವಂತ ಕಟ್ಟಡಕ್ಕೆ ಅವನು ಬಾಡಿಗೆ ಹಾಕಿಕೊಂಡಿಲ್ಲ, ಬೆಳಿಗ್ಗೆ ಬಾಟಲಿ ತುಂಬುವ ಹೆಂಡತಿಯ ದುಡಿಮೆಗೆ ಬೆಲೆ ಕಟ್ಟಿಲ್ಲ, ಗೋದಾಮಿನಲ್ಲಿ ಆರು ತಿಂಗಳು ಕೂತ ಹಣಕ್ಕೆ ಬಡ್ಡಿ ಎಣಿಸಿಲ್ಲ. ಇವನ್ನೆಲ್ಲ ಸೇರಿಸಿದರೆ ಅವನ ಲಾಭವೂ ಅವನೆಂದುಕೊಂಡದ್ದಕ್ಕಿಂತ ಕಡಿಮೆಯೇ. ಆದ್ದರಿಂದ ಗೆಳೆಯನನ್ನು ಕೇಳುವಾಗ ‘ಎಷ್ಟು ಉಳಿಯುತ್ತದೆ’ ಎಂಬುದಕ್ಕಿಂತ ‘ಯಾವುದಕ್ಕೆ ದುಡ್ಡು ಕೊಡುತ್ತಿಲ್ಲ’ ಎಂದು ಕೇಳುವುದರಿಂದ ಪ್ರಯೋಜನ ಹೆಚ್ಚು. ಮೊದಲ ವರ್ಷ ಹೇಗೆ ಕಳೆಯಿತು, ಮೊದಲ ಐವತ್ತು ಗಿರಾಕಿಗಳು ಎಲ್ಲಿಂದ ಬಂದರು ಎಂಬುದನ್ನೂ ಕೇಳಬೇಕು. ನಾಲ್ಕನೆಯ ವರ್ಷದ ಅಂಗಡಿ ನೋಡಿ ಮರುಳಾದವನು ನಡೆಸಬೇಕಾದದ್ದು ಮೊದಲನೆಯ ವರ್ಷದ ಅಂಗಡಿಯನ್ನು.

ಲೆಕ್ಕಕ್ಕೆ ಸಿಗದ ಇನ್ನೊಂದು ಅಂತರ ಕೈಯ ಅನುಭವದ್ದು. ಹಳಬ ಬೀಜವನ್ನು ಮುಷ್ಟಿಯಲ್ಲಿ ಹಿಡಿದು, ಒಂದನ್ನು ಕಚ್ಚಿ, ತೇವ ಎಷ್ಟಿದೆ ಎಂದು ಹೇಳಬಲ್ಲ. ತೇವ ಉಳಿದ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ದೊಡ್ಡ ಕಾರ್ಖಾನೆಯಲ್ಲಿ ಎಣ್ಣೆ ಶುದ್ಧೀಕರಿಸುವಾಗ ಅದು ಬಹುಪಾಲು ಹೋಗುತ್ತದೆ. ಗಾಣದ ಎಣ್ಣೆಗೆ ಆ ಹಂತವೇ ಇಲ್ಲದಿರುವುದರಿಂದ ಬೀಜ ಆರಿಸುವುದೊಂದೇ ಕಾವಲು. ಹೊಸಬನ ಎಣ್ಣೆ ತಿಂಗಳೊಳಗೆ ಕಮಟು ವಾಸನೆ ಬಂತೆಂದರೆ ಅಥವಾ ಬಾಟಲಿಯ ತಳದಲ್ಲಿ ಬೆರಳುದ್ದ ಗಷ್ಟು ನಿಂತರೆ ತಪ್ಪು ಗಾಣದ್ದಲ್ಲ. ಕೊಂಡ ಬೀಜದ್ದು, ಇಲ್ಲವೇ ತಿಳಿಯಲು ಬಿಡದ ಅವಸರದ್ದು.

ಹಾಗಾದರೆ ಗೆಳೆಯನ ವಿಚಾರವನ್ನು ಬಿಟ್ಟೇಬಿಡಬೇಕೆಂದಲ್ಲ. ಅದನ್ನು ಬಿಚ್ಚಿ ನೋಡಿದರೆ ಗಾಣದ ವ್ಯಾಪಾರದಲ್ಲಿ ನಾಲ್ಕು ಬೇರೆ ಬೇರೆ ಕಸುಬುಗಳಿವೆ: ಕಾಯಿ ಕೊಳ್ಳುವುದು, ಅರೆಯುವುದು, ಎಣ್ಣೆ ಮಾರುವುದು, ಹಿಂಡಿ ಸಾಗಿಸುವುದು. ನಾಲ್ಕನ್ನೂ ಒಬ್ಬನೇ ಮಾಡಬೇಕೆಂಬ ನಿಯಮವಿಲ್ಲ. ತನಗೆ ಇವುಗಳಲ್ಲಿ ಯಾವುದು ಇತರರಿಗಿಂತ ಅಗ್ಗಕ್ಕೆ ಅಥವಾ ಸಲೀಸಾಗಿ ಆಗುತ್ತದೋ ಅದನ್ನು ಹಿಡಿಯಬೇಕು.

ಮೇಲಿನ ಹೊಸಬ ಹತ್ತು ವರ್ಷ ದಿನಸಿ ಅಂಗಡಿಯಲ್ಲಿ ದುಡಿದವನು, ಬಡಾವಣೆಯ ಇನ್ನೂರು ಮನೆಗಳ ತಿಂಗಳ ಸಾಮಾನಿನ ಚೀಟಿ ಅವನಿಗೆ ಬಾಯಿಪಾಠ ಎಂದಿಟ್ಟುಕೊಂಡರೆ ಚಿತ್ರವೇ ಬದಲಾಗುತ್ತದೆ. ಯಾರು ದುಬಾರಿ ಅಕ್ಕಿ ತರಿಸುತ್ತಾರೆ, ಯಾರು ಸಾಲ ಹೇಳಿ ಸತಾಯಿಸುತ್ತಾರೆ ಎಂಬುದು ಅವನಿಗೆ ಗೊತ್ತು. ಅವನ ಬಂಡವಾಳ ಇದು, ಗಾಣವಲ್ಲ. ಹಳಬನ ಗಾಣ ದಿನಕ್ಕೆ ನಾಲ್ಕು ಗಂಟೆ ಮಾತ್ರ ತಿರುಗುತ್ತಿದ್ದರೆ ಉಳಿದ ಹೊತ್ತಿನಲ್ಲಿ ಅರೆಸಿ, ಬಾಟಲಿಗೆ ತುಂಬಿದ ಎಣ್ಣೆಯನ್ನು ಲೀಟರಿಗೆ 235ರಂತೆ ಕೊಳ್ಳಬಹುದು. 280ಕ್ಕೆ ಮಾರಿ, ಮನೆಗೆ ತಲುಪಿಸಲು ಲೀಟರಿಗೆ 10 ರೂಪಾಯಿ ಖರ್ಚಾದರೂ 35 ಉಳಿಯುತ್ತದೆ. ಸ್ವಂತ ಗಾಣ ಹಾಕಿದಾಗ ಉಳಿದದ್ದು 25. ಬಾಡಿಗೆಯಿಲ್ಲ, ಆಳಿಲ್ಲ, ಕಂತಿಲ್ಲ. ತಿಂಗಳಿಗೆ 200 ಲೀಟರ್ ಹೋದರೆ 7,000 ರೂಪಾಯಿ ಕೈಗೆ ಬರುತ್ತದೆ. ದೊಡ್ಡ ಮೊತ್ತವಲ್ಲ ನಿಜ, ಆದರೆ ಕಳೆದುಕೊಳ್ಳುವುದೂ ಏನಿಲ್ಲ. ಹಳಬನಿಗೂ ಲೀಟರಿಗೆ 39 ರೂಪಾಯಿ ಕೂತಲ್ಲೇ ಸಿಗುತ್ತದೆ. ಹೀಗೆ ಮಾಡುವಾಗ ದರ ಎಷ್ಟು ದಿನಕ್ಕೊಮ್ಮೆ ಬದಲಾಗಬೇಕು, ಎಣ್ಣೆ ಕೆಟ್ಟರೆ ಯಾರು ಹೊರಬೇಕು, ಬಾಟಲಿಯ ಮೇಲೆ ಯಾರ ಹೆಸರು ಎಂಬುದನ್ನು ಮೊದಲೇ ಕಾಗದದಲ್ಲಿ ಬರೆದುಕೊಳ್ಳುವುದು ಕ್ಷೇಮ. ಗೆಳೆತನ ಮುರಿಯುವುದು ಇಂಥ ಬಾಯಿಮಾತಿನಲ್ಲೇ. ತನ್ನ ಹೆಸರಿನಲ್ಲಿ ಮಾರುವವನಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯೂ ಬೇಕು.

ಬೇರೊಬ್ಬನಿಗೆ ಬೇರೆ ದಾರಿ. ಹತ್ತು ಹಸು ಕಟ್ಟಿರುವವನಿಗೆ ಹಿಂಡಿ ಉಳಿಕೆ ಮಾಲಲ್ಲ, ಅವನು ಹೇಗೂ ದುಡ್ಡು ಕೊಟ್ಟು ಕೊಳ್ಳುತ್ತಿದ್ದ ಮೇವು. ಕಡಲೆಕಾಯಿ ಬೆಳೆಯುವ ಹಳ್ಳಿಯಲ್ಲಿರುವವನು ಎಣ್ಣೆ ಮಾರುವ ಗೋಜಿಗೇ ಹೋಗದೆ, ರೈತರು ತಂದ ಬೀಜವನ್ನು ಕೆಜಿಗಿಷ್ಟು ಎಂದು ಕೂಲಿಗೆ ಅರೆದುಕೊಡಬಹುದು. ಸರಕಿನಲ್ಲಿ ಹಣ ಸಿಕ್ಕಿಕೊಳ್ಳುವುದಿಲ್ಲ, ದರ ಏರಿಳಿದರೆ ತಲೆನೋವಿಲ್ಲ. ಕಲಬುರಗಿ, ವಿಜಯಪುರದ ಕಡೆ ಕುಸುಬೆ ಎಣ್ಣೆಗೆ ಹಿಂದಿನಿಂದಲೂ ಗಿರಾಕಿಗಳಿದ್ದಾರೆ. ಆದರೆ ಗಟ್ಟಿ ಸಿಪ್ಪೆಯ ಕುಸುಬೆಯಲ್ಲಿ ಎಣ್ಣೆಯ ಅಂಶ ಶೇಕಡಾ 30ರ ಆಸುಪಾಸು, ಕಡಲೆಬೀಜದ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ. ತಿಪಟೂರಿನಲ್ಲಿ ಕೊಬ್ಬರಿ ಹೇರಳವಾಗಿದೆಯೆಂದು ಗಾಣ ಹಾಕಲು ಹೊರಟವನು ಅಲ್ಲಿಯ ಉಂಡೆ ಕೊಬ್ಬರಿ ತಿನ್ನುವುದಕ್ಕೆಂದೇ ಒಳ್ಳೆಯ ಬೆಲೆಗೆ ಹೋಗುವ ಸರಕು ಎಂಬುದನ್ನು ನೆನಪಿಡಬೇಕು. ಅದನ್ನು ಅರೆದರೆ ಅಸಲೂ ಗಿಟ್ಟದಿರಬಹುದು. ಒಡೆದ, ಬಣ್ಣಗೆಟ್ಟ ಕೊಬ್ಬರಿ ಅಗ್ಗಕ್ಕೆ ಸಿಗುವ ದಾರಿ ಇದ್ದವನಿಗೆ ಮಾತ್ರ ಅಲ್ಲಿ ಲೆಕ್ಕ ಕೂಡುತ್ತದೆ.

ಗಾಣ ಕೊಳ್ಳುವ ಮೊದಲು ಪರೀಕ್ಷೆಗೆ ಹೆಚ್ಚು ದುಡ್ಡು ಬೇಕಾಗಿಲ್ಲ. ಗೆಳೆಯನ ಗಾಣದಲ್ಲೇ ಒಂದು ಕ್ವಿಂಟಲ್ ಅರೆಸಿ, 44 ಲೀಟರನ್ನು ತನ್ನ ಊರಿನಲ್ಲಿ ಪೂರ್ತಿ ಬೆಲೆಗೆ ಮಾರಿ ನೋಡಬಹುದು. ಮೊದಲ ಸುತ್ತಿನ ಮಾರಾಟವನ್ನು ನಂಬುವಂತಿಲ್ಲ. ನೆಂಟರು, ಪರಿಚಯದವರು ದಾಕ್ಷಿಣ್ಯಕ್ಕೆ ಕೊಳ್ಳುತ್ತಾರೆ. ಹೇಳಿಸಿಕೊಳ್ಳದೆ ಎರಡನೆಯ, ಮೂರನೆಯ ಸಲ ಕೇಳಿಕೊಂಡು ಬಂದ ಮನೆಗಳನ್ನಷ್ಟೇ ಎಣಿಸಬೇಕು. ಒಂದು ಸುತ್ತಾದರೂ ಮಳೆಗಾಲದಲ್ಲಿ, ಹೊಸ ಕಾಯಿ ಬರುವ ಮುಂಚೆ, ಬೀಜದ ದರ ಏರಿರುವಾಗ ನಡೆಯಬೇಕು. ಸುಗ್ಗಿಯ ದರದಲ್ಲಿ ಹಾಕಿದ ಲೆಕ್ಕ ಆಗಸ್ಟಿನಲ್ಲಿ ನಿಲ್ಲುವುದು ಕಷ್ಟ. ಹಾಗೆ ಎಣಿಸಿದ ಮನೆಗಳನ್ನು ಮೂರರಿಂದ ಗುಣಿಸಿ, ಬಂದ ಲೀಟರುಗಳನ್ನು ತನ್ನ ಬಾಡಿಗೆ, ಕೂಲಿ, ಕಂತು ಹುಟ್ಟಲು ಬೇಕಾದ ಲೀಟರುಗಳ ಪಕ್ಕದಲ್ಲಿಟ್ಟು ನೋಡಬೇಕು. ಎರಡರ ನಡುವೆ ಅಂತರ ದೊಡ್ಡದಿದ್ದರೆ ಗೆಳೆಯನ ಗಾಣದಲ್ಲೇ ಅರೆಸುತ್ತ ಹೋಗುವುದು ಮೇಲು.